ಮಿತಿಯೊಳಗಿನ ಆಯ್ಕೆ: ಪೇಬ್ಯಾಕ್‌ನಿಂದ ಲಾಭದಾಯಕತೆ ಸೂಚ್ಯಂಕದವರೆಗೆ

ಕಾರ್ಖಾನೆಗಳ ಬಂಡವಾಳ ಬಜೆಟ್ ಸಭೆಗಳಲ್ಲಿ ಈಗ ಒಂದು ರೂಢಿ ಬೇರೂರಿದೆ. ವಿಭಾಗಗಳಿಂದ ಬಂದ ಯೋಜನೆಗಳನ್ನೆಲ್ಲ ಎಕ್ಸೆಲ್ ಹಾಳೆಗೆ ಹಾಕುತ್ತಾರೆ, ಒಂದೊಂದಕ್ಕೂ ಲಾಭದಾಯಕತೆ ಸೂಚ್ಯಂಕ ಕಂಡುಹಿಡಿಯುತ್ತಾರೆ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಹಣ ಮುಗಿದಲ್ಲಿ ಗೆರೆ ಎಳೆಯುತ್ತಾರೆ. ಪೇಬ್ಯಾಕ್ ಹಳೆಯ ಕಾಲದ ಅಂದಾಜು, ಸೂಚ್ಯಂಕ ಬಂದ ಮೇಲೆ ಸಮಸ್ಯೆ ತೀರಿತು ಎಂಬ ಮಾತನ್ನು ಹೊಸದಾಗಿ ಹಣಕಾಸು ಓದಿ ಬಂದವರ ಬಾಯಲ್ಲಿ ಕೇಳುತ್ತಲೇ ಇದ್ದೇನೆ. ಅದರ ಎರಡು ಭಾಗಗಳೂ ತಪ್ಪು. ಈ ಕ್ಷೇತ್ರ ನಡೆದುಬಂದ ದಾರಿಯನ್ನು ಒಮ್ಮೆ ತಿರುಗಿ ನೋಡಿದರೆ ಅದು ಗೊತ್ತಾಗುತ್ತದೆ.

ಮೊದಲ ಹಂತವನ್ನು ಬೇಗ ದಾಟಬಹುದು. ಅಮೆರಿಕದ ರೈಲ್ವೆ ಎಂಜಿನಿಯರ್ ಆರ್ಥರ್ ವೆಲಿಂಗ್ಟನ್ 1877ರಲ್ಲೇ ಹಳಿ ಎಲ್ಲಿ ಹಾಯಬೇಕು ಎಂಬುದನ್ನು ಖರ್ಚು ಮತ್ತು ಉಳಿತಾಯಗಳ ತಕ್ಕಡಿಯಲ್ಲಿಟ್ಟು ಬರೆದಿದ್ದ. ಇರ್ವಿಂಗ್ ಫಿಶರ್ 1907ರಲ್ಲೂ 1930ರಲ್ಲೂ ಬಡ್ಡಿಯ ಕುರಿತು ಬರೆದ ಪುಸ್ತಕಗಳು ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸುವ ಕ್ರಮಕ್ಕೆ ತಳಹದಿ ಹಾಕಿದವು. 1951ರಲ್ಲಿ ಜೋಯಲ್ ಡೀನ್ ಬಂಡವಾಳ ಬಜೆಟಿಂಗ್ ಎಂಬ ಹೆಸರಿನಲ್ಲೇ ಪುಸ್ತಕ ತಂದು, ಕಂಪನಿಗಳು ಪೇಬ್ಯಾಕ್ ಒಂದನ್ನೇ ನಂಬಿ ಕೂತಿರುವುದನ್ನು ಟೀಕಿಸಿ, ಪ್ರತಿಫಲದ ದರದ ಮೇಲೆ ಯೋಜನೆಗಳನ್ನು ಸಾಲಿಗೆ ಹಚ್ಚಿ ಎಂದ.

ನಿಜವಾದ ತಿರುವು 1955ರ ಅಕ್ಟೋಬರ್‌ನದು. ಷಿಕಾಗೋ ವಿಶ್ವವಿದ್ಯಾಲಯದ ‘ಜರ್ನಲ್ ಆಫ್ ಬಿಸಿನೆಸ್’ನ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಬಂದವು. ಮೈರನ್ ಗಾರ್ಡನ್ ಪೇಬ್ಯಾಕ್‌ನ ಪರವಾಗಿ ಒಂದು ಗಣಿತದ ಮಾತು ಹೇಳಿದ: ವರ್ಷವರ್ಷವೂ ಸಮನಾಗಿ ಹಣ ತರುವ, ಆಯುಷ್ಯ ದೀರ್ಘವಾಗಿರುವ ಯೋಜನೆಯಲ್ಲಿ, 1ನ್ನು ಪೇಬ್ಯಾಕ್ ವರ್ಷಗಳಿಂದ ಭಾಗಿಸಿದರೆ ಪ್ರತಿಫಲದ ದರದ ಹತ್ತಿರಕ್ಕೆ ಬರುತ್ತದೆ. ಇನ್ನೊಂದು ಲೇಖನ ಜೇಮ್ಸ್ ಲೋರಿ ಮತ್ತು ಸಂಖ್ಯಾಶಾಸ್ತ್ರಜ್ಞ ಲಿಯೊನಾರ್ಡ್ ಸ್ಯಾವೇಜ್ ಅವರದು. ಹಣಕ್ಕೆ ಮಿತಿ ಇದ್ದಾಗ, ಹೂಡುವ ಒಂದೊಂದು ರೂಪಾಯಿಗೆ ಎಷ್ಟು ಇಂದಿನ ಬೆಲೆ ಸಿಗುತ್ತದೆ ಎಂದು ನೋಡಿ ಆರಿಸಬೇಕು ಎಂದರು. ಇಂದು ನಾವು ಸೂಚ್ಯಂಕ ಎನ್ನುವುದರ ಬೇರು ಇಲ್ಲಿದೆ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಎರಡು ವರ್ಷಗಳ ಬಜೆಟ್‌ಗೂ ಮಿತಿಯಿರುವ 9 ಯೋಜನೆಗಳ ಉದಾಹರಣೆ ಕೊಟ್ಟು, ಅಲ್ಲಿ ಒಂದೇ ಸೂಚ್ಯಂಕದಿಂದ ಕೆಲಸ ಆಗುವುದಿಲ್ಲ ಎಂದೂ ತೋರಿಸಿದರು. ಪಠ್ಯಪುಸ್ತಕಗಳು ಮೊದಲರ್ಧವನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟುಬಿಟ್ಟವು. ನನ್ನ ಬೇಸರದ ಮೂಲ ಅಲ್ಲಿದೆ.

ಆ ಉಳಿದರ್ಧವನ್ನು ಕೈಗೆತ್ತಿಕೊಂಡವರು ಮಾರ್ಟಿನ್ ವೈನ್‌ಗಾರ್ಟ್‌ನರ್. 1963ರ ತಮ್ಮ ಪುಸ್ತಕದಲ್ಲಿ ಅವರು ಲೋರಿ–ಸ್ಯಾವೇಜ್ ಉದಾಹರಣೆಯನ್ನೇ ಲೀನಿಯರ್ ಪ್ರೋಗ್ರಾಮಿಂಗ್‌ಗೆ ಹಾಕಿದರು. ಯೋಜನೆಗಳನ್ನು ಒಂದೊಂದಾಗಿ ಅಳೆಯುವುದನ್ನು ಬಿಟ್ಟು, ಮಿತಿಯೊಳಗೆ ಕೂರುವ ಗುಂಪುಗಳಲ್ಲಿ ಯಾವುದು ಮೇಲು ಎಂದು ಕೇಳಿದರು. ಈ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆಯನ್ನು ನಾನು ಕಂಡಿಲ್ಲ. ಯೋಜನೆಯನ್ನು ಕತ್ತರಿಸಿ ಅರ್ಧ ಮಾಡಬಹುದಾದರೆ ಮಾತ್ರ, ಅದೂ ಮಿತಿ ಒಂದೇ ವರ್ಷದ್ದಾದರೆ ಮಾತ್ರ, ಸೂಚ್ಯಂಕದ ಸಾಲು ಖಂಡಿತ ಸರಿಯಾದ ಉತ್ತರ ಕೊಡುತ್ತದೆ. ಕಾರ್ಖಾನೆಯಲ್ಲಿ ಅರ್ಧ ಕುಲುಮೆ ಕೂರಿಸುವವರು ಯಾರೂ ಇಲ್ಲ.

ಇದನ್ನು ಲೆಕ್ಕದಲ್ಲೇ ನೋಡೋಣ. ಬೆಳಗಾವಿ ಕಡೆ ಇರುವಂಥ ಒಂದು ಫೌಂಡ್ರಿ ಎಂದುಕೊಳ್ಳಿ. ಅಂಕಿಗಳು ಉದಾಹರಣೆಗೆಂದು ನಾನು ಇಟ್ಟವು. ಈ ವರ್ಷದ ಬಜೆಟ್ 100 ಲಕ್ಷ, ಬಂಡವಾಳದ ವೆಚ್ಚ 12%. ಮುಂದಿರುವ ಯೋಜನೆಗಳು ನಾಲ್ಕು. ಒಬ್ಬ ಗಿರಾಕಿಯ ಮೂರು ವರ್ಷದ ಆರ್ಡರ್‌ಗಾಗಿ ಹೊಸ ಪ್ಯಾಟರ್ನ್ ಸೆಟ್: 20 ಲಕ್ಷ ಹಾಕಿದರೆ ಮೂರು ವರ್ಷ ತಲಾ 10 ಲಕ್ಷ. ಬಳಸಿದ ಮರಳನ್ನು ಮತ್ತೆ ಬಳಕೆಗೆ ತರುವ ಘಟಕ: 60 ಲಕ್ಷಕ್ಕೆ 8 ವರ್ಷ ತಲಾ 16 ಲಕ್ಷ. ಕಡಿಮೆ ಕರೆಂಟು ತಿನ್ನುವ ಇಂಡಕ್ಷನ್ ಕುಲುಮೆ: 50 ಲಕ್ಷಕ್ಕೆ 10 ವರ್ಷ ತಲಾ 11.5 ಲಕ್ಷ. ಚಾವಣಿಯ ಸೋಲಾರ್: 50 ಲಕ್ಷಕ್ಕೆ 20 ವರ್ಷ ತಲಾ 8.5 ಲಕ್ಷ.

ಸಾದಾ ಪೇಬ್ಯಾಕ್‌ನಲ್ಲಿ ಪ್ಯಾಟರ್ನ್ 2 ವರ್ಷ, ಮರಳು ಘಟಕ 3.75, ಕುಲುಮೆ ಸುಮಾರು 4.3, ಸೋಲಾರ್ 5.9. ಗಾರ್ಡನ್‌ನ ಸೂತ್ರದಿಂದ ನೋಡಿದರೆ ಪ್ಯಾಟರ್ನ್‌ನ ಪ್ರತಿಫಲ 50% ಎನಿಸುತ್ತದೆ, ಸೋಲಾರ್‌ನದು 17%. ನಿಜವಾದ ದರ ಕಟ್ಟಿದರೆ ಪ್ಯಾಟರ್ನ್‌ಗೆ 23%ಕ್ಕಿಂತ ಸ್ವಲ್ಪವೇ ಹೆಚ್ಚು, ಸೋಲಾರ್‌ಗೆ 16%. ಅಂದರೆ ಪೇಬ್ಯಾಕ್ ಯಾವುದನ್ನು ಮುಂದೆ ತಂದು ನಿಲ್ಲಿಸುತ್ತದೋ ಅದರ ವಿಷಯದಲ್ಲೇ ಅದರ ಅಂದಾಜು ತೀರಾ ಕೆಡುತ್ತದೆ. ಆಯುಷ್ಯ ಕಡಿಮೆಯಿದ್ದಷ್ಟೂ ಆ ಅಂತರ ಹಿಗ್ಗುತ್ತದೆ.

ಡಿಸ್ಕೌಂಟೆಡ್ ಪೇಬ್ಯಾಕ್ ಈ ತೊಂದರೆ ಸರಿಪಡಿಸುತ್ತದೆ ಎಂದು 1960ರ ದಶಕದಲ್ಲಿ ಹೇಳತೊಡಗಿದರು. ಪ್ರತಿ ವರ್ಷದ ಹಣವನ್ನು ಇಂದಿನ ಬೆಲೆಗೆ ಇಳಿಸಿ, ಕೂಡುತ್ತ ಹೋಗಿ, ಹೂಡಿಕೆ ಎಂದು ಮುಟ್ಟುತ್ತದೆ ಎಂದು ನೋಡುವುದು. ನಮ್ಮ ಫೌಂಡ್ರಿಯಲ್ಲಿ ಅದು ಪ್ಯಾಟರ್ನ್‌ಗೆ 2.4 ವರ್ಷ, ಮರಳು ಘಟಕಕ್ಕೆ 5.3, ಕುಲುಮೆಗೆ 6.5, ಸೋಲಾರ್‌ಗೆ 10.8. ಅಂಕಿಗಳು ಹಿಗ್ಗಿದವು, ಸಾಲು ಬದಲಾಗಲಿಲ್ಲ. ಒಂದು ಒಳ್ಳೆಯ ಗುಣ ಇದಕ್ಕಿದೆ: ಒಮ್ಮೆ ಹಣ ಹೂಡಿ ಆಮೇಲೆ ಪ್ರತಿವರ್ಷ ಗಳಿಸುವ ಯೋಜನೆ ತನ್ನ ಆಯುಷ್ಯದೊಳಗೆ ಈ ಅವಧಿ ಮುಗಿಸಿದರೆ ಅದು ನಷ್ಟದ್ದಲ್ಲ ಎಂದು ಖಾತ್ರಿಯಾಗುತ್ತದೆ. ಅಷ್ಟೇ. ಅವಧಿ ಮುಗಿದ ಮೇಲೆ ಬರುವ ಹಣ ಇದಕ್ಕೂ ಕಾಣುವುದಿಲ್ಲ. ಸೋಲಾರ್‌ನ ಕೊನೆಯ ಒಂಬತ್ತು ವರ್ಷಗಳು ಲೆಕ್ಕದಿಂದ ಹೊರಗೇ ಉಳಿದವು.

ಇನ್ನು ಸೂಚ್ಯಂಕ. ಮರಳು ಘಟಕ 1.32, ಕುಲುಮೆ 1.30, ಸೋಲಾರ್ 1.27, ಪ್ಯಾಟರ್ನ್ 1.20. ಸಾಲು ಬದಲಾಯಿತು, ಪೇಬ್ಯಾಕ್‌ನ ಮೊದಲನೆಯದು ಇಲ್ಲಿ ಕೊನೆಯದು. ಈಗ ಗೆರೆ ಎಳೆಯಿರಿ. ಮರಳು ಘಟಕಕ್ಕೆ 60 ಹೋಯಿತು, 40 ಉಳಿಯಿತು. ಕುಲುಮೆ ಹಿಡಿಸುವುದಿಲ್ಲ, ಸೋಲಾರ್ ಹಿಡಿಸುವುದಿಲ್ಲ, ಕೊನೆಗೆ ಪ್ಯಾಟರ್ನ್ ಹಿಡಿಸುತ್ತದೆ. ಪೇಬ್ಯಾಕ್‌ನ ಸಾಲಿನಿಂದ ಆರಿಸಿದರೂ ಇದೇ ಜೋಡಿ. ಎರಡೂ ದಾರಿಗಳಲ್ಲಿ 20 ಲಕ್ಷ ಸುಮ್ಮನೆ ಕೂರುತ್ತದೆ, ಜೋಡಿಯ ನಿವ್ವಳ ಇಂದಿನ ಮೌಲ್ಯ 23.5 ಲಕ್ಷ. ಕುಲುಮೆ ಮತ್ತು ಸೋಲಾರ್ ಕೂಡಿಸಿ ನೋಡಿ: ಸರಿಯಾಗಿ 100 ಲಕ್ಷ, ನಿವ್ವಳ ಮೌಲ್ಯ ಸುಮಾರು 28.5 ಲಕ್ಷ. ಸಾಲಿನ ತುದಿಯಲ್ಲಿರುವ ಯೋಜನೆಯನ್ನು ಬಿಟ್ಟರೇ ಲಾಭ ಹೆಚ್ಚು. ಇದು ಯಾವಾಗ ಆಗುತ್ತಿದೆ ಎಂದು ತಿಳಿಯುವುದು ಕಷ್ಟವಲ್ಲ. ಗೆರೆ ಎಳೆದ ಮೇಲೆ ಬಜೆಟ್‌ನಲ್ಲಿ ದೊಡ್ಡ ಮೊತ್ತ ಉಳಿದು, ಬಿಟ್ಟುಹೋದ ಯೋಜನೆಗಳು ಚೆನ್ನಾಗಿಯೇ ಇದ್ದರೆ, ಜೋಡಿಗಳನ್ನು ಕೂಡಿಸಿ ನೋಡುವುದು ಬಾಕಿ ಇದೆ ಎಂದರ್ಥ. ನಾಲ್ಕು ಯೋಜನೆಗಳಿಗೆ ಕಾಗದ ಸಾಕು. ಹತ್ತಿಪ್ಪತ್ತು ಇದ್ದರೆ ಎಕ್ಸೆಲ್‌ನ ಸಾಲ್ವರ್ ಮಾಡಿಕೊಡುತ್ತದೆ.

ಹಾಳೆಯಲ್ಲಿ ನಡೆಯುವ ಇನ್ನೊಂದು ಎಡವಟ್ಟನ್ನೂ ಇಲ್ಲೇ ಹೇಳಬೇಕು. ಎಕ್ಸೆಲ್‌ನ ಎನ್‌ಪಿವಿ ಸೂತ್ರ ಮೊದಲ ಅಂಕಿಯನ್ನೇ ಒಂದು ವರ್ಷದ ನಂತರದ ಹಣವೆಂದು ಹಿಡಿಯುತ್ತದೆ. ಹಾಗಾಗಿ ಇಂದಿನ ಹೂಡಿಕೆಯನ್ನು ಅದರೊಳಗೆ ಸೇರಿಸದೆ ಹೊರಗೆ ಕಳೆಯಬೇಕು. ಕುಲುಮೆಯ ಹತ್ತು ವರ್ಷದ ಉಳಿತಾಯ `B2`ರಿಂದ `B11`ರವರೆಗೆ ಇದ್ದರೆ:

```
=NPV(12%,B2:B11)-50
```

ಸೂಚ್ಯಂಕದ ಛೇದದಲ್ಲಿ ಏನಿರಬೇಕು ಎಂಬ ಗೊಂದಲ ಇದಕ್ಕಿಂತ ಆಳವಾದದ್ದು. ಕುಲುಮೆಯ ಒಳಪದರವನ್ನು ಆಗಾಗ ಹೊಸದಾಗಿ ಕಟ್ಟಿಸುವ ಖರ್ಚು ಆಯಾ ವರ್ಷದ ಗಳಿಕೆಯಿಂದ ಹೋಗುತ್ತದೆಯಾದರೆ ಅದನ್ನು ಮೇಲಿನ ಉಳಿತಾಯದಲ್ಲಿ ಕಳೆಯಬೇಕು. ಛೇದದಲ್ಲಿ ಇರಬೇಕಾದ್ದು ಈ ವರ್ಷದ ಮಿತಿಯನ್ನು ತಿನ್ನುವ ಹಣ ಮಾತ್ರ. ಖರ್ಚನ್ನು ಮೇಲಿಂದ ಕೆಳಗಿಳಿಸಿದರೆ ಯೋಜನೆಯ ನಿವ್ವಳ ಮೌಲ್ಯ ಒಂದು ಪೈಸೆ ಬದಲಾಗದಿದ್ದರೂ ಸೂಚ್ಯಂಕ ಬದಲಾಗುತ್ತದೆ.

ನಮ್ಮ ಪೀಳಿಗೆಯವರು ಕೆಲಸಕ್ಕೆ ಸೇರುವ ಹೊತ್ತಿಗೆ ಬೆಂಗಳೂರಿನ ಐಐಎಂನ ಪ್ರಸನ್ನ ಚಂದ್ರ ಅವರ ಪುಸ್ತಕಗಳು ಕೈಗೆ ಸಿಗುತ್ತಿದ್ದವು. ಯೋಜನೆಯ ತಾಂತ್ರಿಕ ತಯಾರಿಯಿಂದ ಹಿಡಿದು ಹಣದ ಲೆಕ್ಕದವರೆಗೆ ಒಂದೇ ಕಡೆ ಭಾರತದ ಸಂದರ್ಭದಲ್ಲಿ ಓದಲು ಸಿಕ್ಕಿದ್ದು ಅಲ್ಲಿ. ಸಿಎ, ಸಿಎಂಎ ಪರೀಕ್ಷೆಗಳೂ ಕತ್ತರಿಸಬಹುದಾದ ಯೋಜನೆ, ಕತ್ತರಿಸಲಾಗದ ಯೋಜನೆ ಎಂಬ ಭೇದವನ್ನು ಕಲಿಸುತ್ತವೆ. ಪರೀಕ್ಷೆಯಲ್ಲಿ ಬರೆದದ್ದು ಕಾರ್ಖಾನೆಗೆ ಬರುವಷ್ಟರಲ್ಲಿ ಕಳೆದುಹೋಗುತ್ತದೆ. ಎನರ್ಜಿ ಆಡಿಟ್ ವರದಿಗಳ ಕೊನೆಯ ಕೋಷ್ಟಕ ನೋಡಿ: ಕ್ರಮಕ್ಕೆ ತಗಲುವ ಹಣ, ವರ್ಷದ ಉಳಿತಾಯ, ಸಾದಾ ಪೇಬ್ಯಾಕ್. ಉಪಕರಣದ ಆಯುಷ್ಯಕ್ಕೆ ಒಂದು ಅಂಕಣವನ್ನು ನಾನು ಕಂಡದ್ದು ಅಪರೂಪ. ಅದೊಂದು ಇದ್ದರೆ ಉಳಿದದ್ದನ್ನೆಲ್ಲ ಓದುಗನೇ ಕಟ್ಟಿಕೊಳ್ಳಬಹುದಿತ್ತು.

2001ರಲ್ಲಿ ಜಾನ್ ಗ್ರಹಾಮ್ ಮತ್ತು ಕ್ಯಾಂಪ್‌ಬೆಲ್ ಹಾರ್ವಿ 392 ಹಣಕಾಸು ಮುಖ್ಯಸ್ಥರನ್ನು ಕೇಳಿ ಪ್ರಕಟಿಸಿದ ಸಮೀಕ್ಷೆ ಹೆಸರಾಯಿತು. ಪೇಬ್ಯಾಕ್ ಯಾವಾಗಲೂ ಅಥವಾ ಬಹುತೇಕ ಯಾವಾಗಲೂ ಬಳಸುವವರು ಸುಮಾರು 57%, ಡಿಸ್ಕೌಂಟೆಡ್ ಪೇಬ್ಯಾಕ್ ಸುಮಾರು 30%, ಸೂಚ್ಯಂಕ ಸುಮಾರು 12%. ಇದನ್ನು ಓದಿದವರು ಅಧಿಕಾರಿಗಳಿಗೆ ತಿಳಿವಳಿಕೆ ಸಾಲದು ಎಂದು ತೀರ್ಮಾನಿಸಿಬಿಟ್ಟರು. ಅದನ್ನು ನಾನು ಒಪ್ಪುವುದಿಲ್ಲ. ವೈನ್‌ಗಾರ್ಟ್‌ನರ್ 1969ರಲ್ಲೇ ಪೇಬ್ಯಾಕ್ ಯಾಕೆ ಸಾಯುವುದಿಲ್ಲ ಎಂದು ಗಂಭೀರವಾಗಿ ಕೇಳಿದ್ದರು. ಹಣ ಎಷ್ಟು ಬೇಗ ಕೈಗೆ ಮರಳುತ್ತದೆ ಎಂಬುದು, ಹೊರಗಿನಿಂದ ಹಣ ತರಲಾಗದ ಸಂಸ್ಥೆಗೆ, ಮುಂದಿನ ವರ್ಷದ ಬಜೆಟ್‌ನ ಪ್ರಶ್ನೆ.

ಫೌಂಡ್ರಿಗೇ ಮರಳೋಣ. ಅದರ ಬಜೆಟ್ ಅದರ ಗಳಿಕೆಯಿಂದಲೇ ತುಂಬಬೇಕು ಎಂದಿಟ್ಟುಕೊಳ್ಳಿ. ಮರಳು ಘಟಕ ಮತ್ತು ಪ್ಯಾಟರ್ನ್ ಆರಿಸಿದರೆ ಒಂದು ವರ್ಷದ ಹೊತ್ತಿಗೆ 26 ಲಕ್ಷ ಬರುತ್ತದೆ, ಉಳಿದ 20 ಲಕ್ಷವೂ 12% ಗಳಿಕೆಯೊಂದಿಗೆ ಕೈಯಲ್ಲಿರುತ್ತದೆ ಎನ್ನೋಣ. ಇನ್ನೊಂದು ಜೋಡಿಯಿಂದ ಬರುವುದು 20 ಲಕ್ಷ ಮಾತ್ರ. ಸುಮಾರು 28 ಲಕ್ಷದ ವ್ಯತ್ಯಾಸ. ಮುಂದಿನ ವರ್ಷ ಆ ಹಣಕ್ಕೆ ರೂಪಾಯಿಗೆ 20 ಪೈಸೆಗಿಂತ ಹೆಚ್ಚು ನಿವ್ವಳ ಮೌಲ್ಯ ಕೊಡುವ ಯೋಜನೆ ಕಾದಿದ್ದರೆ, ಇಂದು ಸೋತಂತೆ ಕಂಡ ಜೋಡಿಯೇ ಗೆಲ್ಲಬಹುದು. ಪೇಬ್ಯಾಕ್ ಹಿಡಿದು ಕೂತ ಮಾಲೀಕನಿಗೆ ಈ ಲೆಕ್ಕ ಬರೆಯಲು ಬಾರದಿರಬಹುದು, ಅವನ ಆತಂಕಕ್ಕೆ ಕಾರಣವಂತೂ ಇದೆ.

ಸಮೀಕ್ಷೆಗಳು ಯಾವ ವಿಧಾನ ಬಳಸುತ್ತೀರಿ ಎಂದು ಕೇಳುತ್ತವೆ. ಗುಂಪನ್ನು ಹೇಗೆ ಆರಿಸಿದಿರಿ, ಮಿತಿಯನ್ನು ಯಾರು ಯಾವ ಆಧಾರದ ಮೇಲೆ ಇಟ್ಟರು ಎಂಬ ಪ್ರಶ್ನೆಗಳಿಗೆ ಅಲ್ಲಿ ಜಾಗ ಸಿಕ್ಕಿಲ್ಲ. ನಮ್ಮ ಫೌಂಡ್ರಿಯಲ್ಲಿ ಮಿತಿ 110 ಲಕ್ಷವಾದರೆ ಮರಳು ಘಟಕ ಮತ್ತು ಕುಲುಮೆ ಎರಡೂ ಹಿಡಿಸುತ್ತವೆ, ನಿವ್ವಳ ಮೌಲ್ಯ 34.5 ಲಕ್ಷಕ್ಕೆ ಏರುತ್ತದೆ. 10 ಲಕ್ಷ ಹೆಚ್ಚುವರಿ ಹಣದಿಂದ, ಆ ಹಣದ 12% ವೆಚ್ಚವೆಲ್ಲ ಕಳೆದ ಮೇಲೂ, 6 ಲಕ್ಷ. ಬ್ಯಾಂಕು 10 ಲಕ್ಷಕ್ಕೆ ಇದಕ್ಕಿಂತ ದುಬಾರಿ ಬಡ್ಡಿ ಕೇಳಿದರೂ ಕೊಡಬಹುದಾದ ಸ್ಥಿತಿ ಇದು. ಯೋಜನೆಗಳ ಪಟ್ಟಿಯ ಜೊತೆಗೆ ಈ ಒಂದು ಸಾಲು ಆಡಳಿತ ಮಂಡಳಿಯ ಮೇಜಿಗೆ ಹೋದರೆ, 100 ಲಕ್ಷ ಎಂಬ ಅಂಕಿ ಎಲ್ಲಿಂದ ಬಂತು ಎಂದು ಅಲ್ಲಿ ಯಾರಾದರೂ ಕೇಳಲೇಬೇಕಾಗುತ್ತದೆ.