ಹಳೇ ಮಾಲಿನ ಲೆಕ್ಕದಲ್ಲಿ ಹೊಸ ಮಾಲಿನ ಭವಿಷ್ಯ: ಹೋಲಿಕೆ ಎಲ್ಲಿ ಕೈಕೊಡುತ್ತೆ?

ಸಾನಂದ್‌ನ ಟಾಟಾ ನ್ಯಾನೋ ಕಾರ್ಖಾನೆಯನ್ನು ಕಟ್ಟಿದ್ದು ವರ್ಷಕ್ಕೆ 2.5 ಲಕ್ಷ ಕಾರು ತಯಾರಿಸುವ ಸಾಮರ್ಥ್ಯಕ್ಕೆ. ನ್ಯಾನೋ ಅತಿ ಹೆಚ್ಚು ಮಾರಾಟವಾದ 2011-12ರಲ್ಲಿ ಹೋಗಿದ್ದು ಸುಮಾರು 74,500. ಎರಡು ವರ್ಷದ ನಂತರ ಅದು ಸುಮಾರು 21,000ಕ್ಕೆ ಇಳಿಯಿತು.

ಈ ಅಂತರವನ್ನು ಒಂದು ಕಂಪನಿಯ ಸೋಲು ಅಂತ ಓದಿ ಮುಂದೆ ಹೋಗಬಹುದು. ಆದ್ರೆ ಆ ಕಾರಿಗಾಗಿ ಸಿಂಗೂರಿನಲ್ಲಿ ರೈತರ ಭೂಮಿ ಹೋಗಿತ್ತು. ಅಲ್ಲಿಂದ ಕಂಪನಿ ಹೊರಬಂದಾಗ ಕರ್ನಾಟಕವೂ ಸೇರಿ ಹಲವು ರಾಜ್ಯಗಳು "ನಮ್ಮಲ್ಲಿಗೆ ಬನ್ನಿ" ಅಂತ ಕರೆದಿದ್ದವು. ಭೂಮಿ, ರಿಯಾಯಿತಿ, ಉದ್ಯೋಗದ ಭರವಸೆ ಎಲ್ಲವೂ ನಿಲ್ಲುವುದು ಒಂದು ಪ್ರಶ್ನೆಯ ಮೇಲೆ: ಇದು ಎಷ್ಟು ಮಾರಾಟವಾಗುತ್ತೆ? ಇನ್ನೂ ಒಂದೂ ಮಾರಾಟವಾಗದ ವಸ್ತುವಿನ ಬಗ್ಗೆ ಈ ಪ್ರಶ್ನೆಗೆ ಉತ್ತರ ಹುಡುಕುವ ಒಂದು ಮುಖ್ಯ ದಾರಿ ಹೋಲಿಕೆ. ಹಿಂದೆ ಬಂದಿದ್ದ ಇಂಥದ್ದೇ ವಸ್ತುಗಳು ಹೇಗೆ ಮಾರಾಟವಾದವು ಅಂತ ನೋಡಿ, ಆ ನಡೆಯನ್ನು ಹೊಸದಕ್ಕೆ ಹೊಂದಿಸುವುದು.

ಲೆಕ್ಕ ನಡೆಯುವ ರೀತಿ

ಹಳೆಯ ವಸ್ತುವಿನಿಂದ ಎರವಲು ಪಡೆಯಬೇಕಾದದ್ದು ಮಾರಾಟದ ಸಂಖ್ಯೆಯನ್ನಲ್ಲ, ಅದು ಹರಡಿದ ವೇಗವನ್ನು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ಎಷ್ಟು ಮಾರಾಟವಾಯ್ತು ಅನ್ನೋದು 2009ರ ಮಾರುಕಟ್ಟೆಗೆ ನೇರವಾಗಿ ಉಪಯೋಗಕ್ಕೆ ಬರಲ್ಲ, ಯಾಕಂದ್ರೆ ಜನಸಂಖ್ಯೆ, ಆದಾಯ ಎಲ್ಲವೂ ಬದಲಾಗಿದೆ. ಕೊಳ್ಳಬಲ್ಲವರಲ್ಲಿ ಎಷ್ಟು ಪಾಲು ಜನ ಮೊದಲ ವರ್ಷ ಕೊಂಡರು, ಎರಡನೇ ವರ್ಷ ಎಷ್ಟು ಪಾಲು ಅನ್ನುವುದನ್ನು ಮಾತ್ರ ಹೊಸ ಲೆಕ್ಕಕ್ಕೆ ತರಬಹುದು.

ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ಸೂತ್ರವನ್ನು ಅಮೆರಿಕದ ಫ್ರಾಂಕ್ ಬಾಸ್ 1969ರಲ್ಲಿ ಪ್ರಕಟಿಸಿದರು:

```
ವರ್ಷದ ಮಾರಾಟ = (p + q × N/m) × (m − N)
```

`m` ಅಂದ್ರೆ ಒಟ್ಟಾರೆ ಎಂದಾದರೂ ಕೊಳ್ಳಬಹುದಾದವರು. `N` ಈಗಾಗಲೇ ಕೊಂಡವರು. `p` ಯಾರನ್ನೂ ನೋಡದೆ, ಜಾಹೀರಾತು ಅಥವಾ ಸ್ವಂತ ಆಸೆಯಿಂದ ಕೊಳ್ಳುವ ಪ್ರಮಾಣ. `q` ಪಕ್ಕದ ಮನೆಯವರು ಕೊಂಡಿದ್ದನ್ನು ನೋಡಿ, ಅವರನ್ನು ಕೇಳಿ ಕೊಳ್ಳುವ ಪ್ರಮಾಣ. ಹೊಸ ವಸ್ತುವಿಗೆ `p`, `q` ಗೊತ್ತಿರಲ್ಲ, ಅವನ್ನು ಹಳೆಯ ವಸ್ತುಗಳಿಂದ ತರ್ತಾರೆ. ಇಂಥ ಇನ್ನೂರಕ್ಕೂ ಹೆಚ್ಚು ಅಂದಾಜುಗಳನ್ನು ಒಟ್ಟುಗೂಡಿಸಿದ 1990ರ ಒಂದು ಅಧ್ಯಯನದಲ್ಲಿ ಸರಾಸರಿ `p` 0.03, `q` 0.38 ಬಂದಿತ್ತು.

ಒಂದು ಉದಾಹರಣೆ ಮಾಡಿ ನೋಡೋಣ. ಇವು ಕೇವಲ ಊಹೆಯ ಅಂಕಿಗಳು, ಯಾವ ಕಂಪನಿಯದ್ದೂ ಅಲ್ಲ. ಕೊಳ್ಳಬಹುದಾದವರು 20 ಲಕ್ಷ, `p` ಮತ್ತು `q` ಮೇಲಿನ ಸರಾಸರಿಯಷ್ಟೇ ಅಂದುಕೊಳ್ಳಿ. ಮೊದಲ ವರ್ಷ 60,000 ಮಾರಾಟ. ಎರಡನೇ ವರ್ಷ ಸುಮಾರು 80,000. ಮೂರನೇ ವರ್ಷ ಸುಮಾರು 1.05 ಲಕ್ಷ. ಆರನೇ ವರ್ಷಕ್ಕೆ 1.94 ಲಕ್ಷ ದಾಟಿ ಇನ್ನೂ ಏರುತ್ತಿರುತ್ತೆ.

ಈಗ `q` ಸೊನ್ನೆ ಮಾಡಿ. ಅಂದ್ರೆ ಕೊಂಡವರನ್ನು ನೋಡಿ ಯಾರಿಗೂ ಕೊಳ್ಳಬೇಕು ಅನ್ನಿಸ್ತಿಲ್ಲ. ಮೊದಲ ವರ್ಷ ಆಗಲೂ ಅದೇ 60,000. ಎರಡನೇ ವರ್ಷ 58,200. ಆರನೇ ವರ್ಷಕ್ಕೆ ಸುಮಾರು 51,500.

ಮೊದಲ ವರ್ಷದ ಅಂಕಿ ಎರಡೂ ಕಡೆ ಒಂದೇ, ಆರನೇ ವರ್ಷದ್ದು ಸುಮಾರು ನಾಲ್ಕು ಪಟ್ಟು ಬೇರೆ. ಕಾರ್ಖಾನೆಯ ಗಾತ್ರವನ್ನು ನಿರ್ಧರಿಸುವುದು ಆರನೇ ವರ್ಷದ ಅಂಕಿ. ಹಾಗಾಗಿ ಹೋಲಿಕೆಗೆ ಯಾವ ವಸ್ತು ಆರಿಸಿದಿರಿ ಅನ್ನುವುದರಲ್ಲೇ ಅರ್ಧ ತೀರ್ಮಾನ ಆಗಿಹೋಗಿರುತ್ತೆ.

ಯಾವುದು ಯಾವುದರ ಹಾಗೆ?

ನ್ಯಾನೋ ಅಂದ ತಕ್ಷಣ ಎಲ್ಲರಿಗೂ ಹೊಳೆಯುವ ಹೋಲಿಕೆ ಮಾರುತಿ 800. ಚಿಕ್ಕ ಕಾರು, ಮಧ್ಯಮ ವರ್ಗ, ಸ್ಕೂಟರ್‌ನಿಂದ ಕಾರಿಗೆ ಜಿಗಿತ. ಮೇಲ್ನೋಟಕ್ಕೆ ಸರಿಯೇ. ಆದ್ರೆ ಹೋಲಿಸಬೇಕಾದದ್ದು ವಸ್ತುವಿನ ಆಕಾರವನ್ನಲ್ಲ, ಕೊಳ್ಳುವವನ ಎದುರು ಇದ್ದ ಆಯ್ಕೆಯನ್ನು. 1983ರಲ್ಲಿ ಮಾರುತಿ ಎದುರಿಗಿದ್ದದ್ದು ಮುಖ್ಯವಾಗಿ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ. 2009ರಲ್ಲಿ ನ್ಯಾನೋ ಎದುರಿಗೆ ಆಲ್ಟೋ ಇತ್ತು, ಜೊತೆಗೆ ಸೆಕೆಂಡ್ ಹ್ಯಾಂಡ್ ಕಾರುಗಳ ದೊಡ್ಡ ಮಾರುಕಟ್ಟೆಯೂ ಇತ್ತು. ಮಾರುತಿ ಕೊಂಡವನನ್ನು ಬೀದಿಯವರು "ಮುಂದೆ ಬಂದ" ಅಂದರು. "ಅತಿ ಅಗ್ಗದ ಕಾರು" ಅಂತಲೇ ಹೆಸರಾದ ನ್ಯಾನೋಗೆ ಆ ಮಾತು ಸಿಗಲಿಲ್ಲ. ಅಂದ್ರೆ ಪೆಟ್ಟು ಬಿದ್ದದ್ದು `q`ಗೆ.

ಎರಡನೇ ತೊಂದರೆ, ನಮಗೆ ನೆನಪಿರೋದು ಗೆದ್ದವು ಮಾತ್ರ. ಮಾರುತಿಗೂ ಸ್ವಲ್ಪ ಮೊದಲು, 1982ರಲ್ಲಿ, ಬೆಂಗಳೂರಿನ ಸಿಪಾನಿ ಕಂಪನಿ ಡಾಲ್ಫಿನ್ ಅನ್ನೋ ಫೈಬರ್ ಬಾಡಿಯ ಎರಡು ಬಾಗಿಲಿನ ಚಿಕ್ಕ ಕಾರು ತಂದಿತ್ತು. ಅದು ಜನಪ್ರಿಯ ಆಗಲಿಲ್ಲ. "ಭಾರತದ ಚಿಕ್ಕ ಕಾರು" ಅನ್ನುವ ಪಟ್ಟಿಯಲ್ಲಿ ಮಾರುತಿಯ ಪಕ್ಕದಲ್ಲೇ ಡಾಲ್ಫಿನ್ ಕೂಡ ಇರಬೇಕು. ಸೋತವನ್ನು ಬಿಟ್ಟು ತೆಗೆದ ಸರಾಸರಿ ಯಾವಾಗಲೂ ಮೇಲಕ್ಕೇ ವಾಲುತ್ತೆ. ಅದಕ್ಕೇ ಪಟ್ಟಿ ಮಾಡುವ ನಿಯಮವನ್ನು ಮೊದಲು ಬರೆದಿಟ್ಟು, ಆ ನಿಯಮಕ್ಕೆ ಸಿಕ್ಕಿದ್ದನ್ನೆಲ್ಲ, ಇಷ್ಟವಿರಲಿ ಬಿಡಲಿ, ಸೇರಿಸಬೇಕು. ಕೊನೆಗೆ ಸರಾಸರಿಯ ಒಂದೇ ಅಂಕಿ ಕೊಡದೆ, ಅತಿ ನಿಧಾನ ಹರಡಿದ್ದು ಹೀಗೆ, ಅತಿ ವೇಗವಾಗಿ ಹರಡಿದ್ದು ಹೀಗೆ ಅಂತ ಎರಡೂ ತುದಿ ತೋರಿಸಬೇಕು.

ಬುಕಿಂಗ್ ಹೇಳಿದ್ದು ಏನು?

2009ರಲ್ಲಿ ನ್ಯಾನೋಗೆ ಎರಡು ಲಕ್ಷಕ್ಕೂ ಹೆಚ್ಚು ಬುಕಿಂಗ್ ಬಂತು. ಮೊದಲ ಒಂದು ಲಕ್ಷ ಜನರನ್ನು ಲಾಟರಿ ಎತ್ತಿ ಆರಿಸಬೇಕಾಯ್ತು. ಇದನ್ನು ಭರ್ಜರಿ ಬೇಡಿಕೆ ಅಂತ ಓದುವುದು ಸಹಜ. ಆದ್ರೆ ರಸ್ತೆಯಲ್ಲಿ ಕಾರೇ ಇಲ್ಲದಾಗ ಬುಕ್ ಮಾಡಿದವರು ಯಾರನ್ನೂ ನೋಡಿ ಬುಕ್ ಮಾಡಿದ್ದಲ್ಲ. ಅದು ಪೂರ್ತಿ `p`. ಪಕ್ಕದ ಮನೆಯ ಮಾತು ಕೆಲಸ ಮಾಡುತ್ತಾ ಅನ್ನುವ ಬಗ್ಗೆ ಬುಕಿಂಗ್ ಏನೂ ಹೇಳಲ್ಲ.

ಅದೇ ಬುಕಿಂಗ್‌ನಲ್ಲಿ ಇನ್ನೊಂದು ಸುಳಿವಿತ್ತು. ಸುಮಾರು ಅರ್ಧದಷ್ಟು ಬುಕಿಂಗ್ ಬಂದಿದ್ದು ಟಾಪ್ ಮಾಡೆಲ್‌ಗೆ. ಬೇಸ್ ಮಾಡೆಲ್ ಕೇಳಿದವರು ಐದರಲ್ಲಿ ಒಬ್ಬರು ಮಾತ್ರ. ಸ್ಕೂಟರ್‌ನಿಂದ ಇಳಿದು ಒಂದು ಲಕ್ಷದ ಕಾರು ಹತ್ತುವ ಕುಟುಂಬವೇ ಮುಖ್ಯ ಗಿರಾಕಿ ಆಗಿದ್ದರೆ ಈ ಲೆಕ್ಕ ತಿರುಗುಮುರುಗು ಆಗಬೇಕಿತ್ತು. ಬಂದ ಗಿರಾಕಿ ಬೇರೆ ಅಂದ್ರೆ ಆರಿಸಿದ ಹೋಲಿಕೆಯನ್ನೂ, `m` ಅನ್ನೂ ಮತ್ತೆ ನೋಡಬೇಕು.

ಹೋಲಿಕೆಗೆ ಇನ್ನೊಂದು ಮಿತಿಯೂ ಇದೆ. ಹಳೆಯ ವಸ್ತುವಿಗೆ ಆಗದ ಅಪಘಾತ ಅದರ ರೇಖೆಯಲ್ಲಿ ಕಾಣಲ್ಲ. 2010ರಲ್ಲಿ ಕೆಲವು ನ್ಯಾನೋಗಳಿಗೆ ಬೆಂಕಿ ಹತ್ತಿದ ಸುದ್ದಿ ಬಂತು. ಆ ನವೆಂಬರ್‌ನಲ್ಲಿ ಮಾರಾಟವಾದದ್ದು 509 ಕಾರು. ಕಾರ್ಖಾನೆ ಸ್ಥಳಾಂತರದಿಂದ ಮೊದಲೇ ತಡವಾಗಿತ್ತು. ಕಾರು ರಸ್ತೆಗೆ ಬರುವುದು ತಡವಾದಷ್ಟೂ ಒಳ್ಳೆಯ ಮಾತು ಹರಡುವುದೂ ತಡ. ಆ ಖಾಲಿ ಜಾಗಕ್ಕೆ ಕೆಟ್ಟ ಸುದ್ದಿ ಬಂದು ಕೂತಿತು.

ಮುಂದೆ ಯಾವುದಾದ್ರೂ ಸರ್ಕಾರ "ಈ ಯೋಜನೆಗೆ ವರ್ಷಕ್ಕೆ ಇಷ್ಟು ಲಕ್ಷ ಬೇಡಿಕೆ ಇದೆ" ಅಂತ ಹೇಳಿ ಜಮೀನು ಕೇಳಿದಾಗ, ಆ ಅಂಕಿಯನ್ನು ಒಪ್ಪುವ ಮುಂಚೆ ಮೂರು ವಿಷಯ ಕೇಳಿ. ಇದನ್ನು ಯಾವ ಹಳೆಯ ವಸ್ತುಗಳಿಗೆ ಹೋಲಿಸಿದಿರಿ? ಅದರಲ್ಲಿ ಸೋತವು ಎಷ್ಟು? ಅತಿ ನಿಧಾನವಾಗಿ ಹರಡಿದ್ದರ ಹಾದಿಯನ್ನೇ ಇದೂ ಹಿಡಿದರೆ, ಖಾಲಿ ಉಳಿಯುವ ಜಮೀನು ಯಾರ ಪಾಲಿಗೆ?