ಸುರಪುರ ಭಾಗದ ವಿದ್ಯುತ್ ವಿತರಣಾ ನಷ್ಟ

ವಿತರಣಾ ಕಂಪನಿಯ ಜಾಲಕ್ಕೆ ಬಂದ ಯೂನಿಟ್‌ಗಳಿಂದ ಗ್ರಾಹಕರ ಲೆಕ್ಕಕ್ಕೆ ಬಂದ ಯೂನಿಟ್‌ಗಳನ್ನು ಕಳೆದರೆ ಉಳಿಯುವುದೇ ವಿತರಣಾ ನಷ್ಟ. ತಂತಿಯಲ್ಲಿ ಬಿಸಿಯಾಗಿ ಹೋದದ್ದೂ ಕದ್ದು ಬಳಸಿದ್ದೂ ಅದರಲ್ಲಿ ಸೇರಿರುತ್ತವೆ. ಯಾದಗಿರಿ, ಶಹಾಪುರ, ಸುರಪುರ ಭಾಗಗಳಿಗೆ ವಿದ್ಯುತ್ ಕೊಡುವುದು ಜೆಸ್ಕಾಂ.

ಮೊದಲು ಉತ್ಪಾದನೆಯ ಪಾಲು, ಪ್ರಸರಣ, ಮಾರಾಟ ಮೂರೂ ಒಂದೇ ಮಂಡಳಿಯ ಕೈಯಲ್ಲಿದ್ದವು. 1999ರಲ್ಲಿ ವಿದ್ಯುತ್ ಸುಧಾರಣಾ ಕಾಯ್ದೆ ಬಂದು ಕೆಪಿಟಿಸಿಎಲ್ ಮತ್ತು ದರ ನಿಗದಿ ಮಾಡುವ ಆಯೋಗ ರೂಪುಗೊಂಡವು. 2002ರ ಜೂನ್ 1ರಂದು ವಿತರಣೆ ಬೇರೆಯಾಗಿ ಜೆಸ್ಕಾಂ ಕೆಲಸ ಆರಂಭಿಸಿತು. ಕೆಪಿಟಿಸಿಎಲ್ ಉಪಕೇಂದ್ರದಿಂದ ಕಂಪನಿಯ ಜಾಲಕ್ಕೆ ದಾಟುವ ಕಡೆ ಮೀಟರ್ ಇರುವುದರಿಂದ ಬಂದದ್ದೆಷ್ಟು ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ. ಕಷ್ಟವಿರುವುದು ಮಾರಾಟದ ಲೆಕ್ಕದಲ್ಲಿ.

ಸುರಪುರ, ಶಹಾಪುರಗಳದ್ದು ನಾರಾಯಣಪುರ ಎಡದಂಡೆ ಕಾಲುವೆಯ ಸೀಮೆ. ಹೊಲಗಳಿಗೆ ಹೋಗುವ ಉದ್ದನೆಯ ಲೈನಿನಲ್ಲಿ ಪಂಪುಗಳು ಒಟ್ಟಿಗೆ ಓಡಿದಾಗ ಪ್ರವಾಹ ಎರಡರಷ್ಟಾದರೆ ತಂತಿಯ ನಷ್ಟ ನಾಲ್ಕರಷ್ಟಾಗುತ್ತದೆ. ಕೊನೆಯ ಪಂಪಿಗೆ ವೋಲ್ಟೇಜ್ ಸಿಗುವುದಿಲ್ಲ, ಅನುಮತಿಯಿಲ್ಲದ ಪಂಪುಗಳು ಸೇರಿದರೆ ಟಿಸಿಯೇ ಸುಟ್ಟುಹೋಗುತ್ತದೆ. ಟಿಸಿಯನ್ನು ಪಂಪುಗಳ ಹತ್ತಿರಕ್ಕೆ ತಂದು 11 ಕೆವಿ ಲೈನನ್ನು ಅಲ್ಲಿಯವರೆಗೆ ಎಳೆದು, ಕಡಿಮೆ ವೋಲ್ಟೇಜಿನ ತಂತಿಯನ್ನು ಮೊಟಕುಗೊಳಿಸುವುದೇ ಇದಕ್ಕೆ ನಿಜವಾದ ಪರಿಹಾರ.

ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ಅದರ ಹಣವನ್ನು ಸರ್ಕಾರ ಸಹಾಯಧನವಾಗಿ ಕಂಪನಿಗೆ ಕೊಡುತ್ತದೆ. 2003ರ ವಿದ್ಯುತ್ ಕಾಯ್ದೆಯ 55ನೇ ಕಲಮು ಎರಡು ವರ್ಷದೊಳಗೆ ಎಲ್ಲ ಸಂಪರ್ಕಕ್ಕೂ ಮೀಟರ್ ಬೇಕೆಂದಿದ್ದರೂ ಪಂಪ್‌ಸೆಟ್‌ಗಳ ಮಟ್ಟಿಗೆ ಅದು ಈಡೇರಲಿಲ್ಲ. ಹೀಗಾಗಿ ಅವುಗಳ ಬಳಕೆ ಅಂದಾಜಿನದು. ಅಂದಾಜು ಹೆಚ್ಚು ಬರೆದರೆ ಕಳವೂ ರೈತರ ಹೆಸರಿಗೆ ಹೋಗಿ ನಷ್ಟ ಕಡಿಮೆ ಕಾಣುತ್ತದೆ, ಸಹಾಯಧನದ ಬಾಕಿಯೂ ಬೆಳೆಯುತ್ತದೆ. ಪಂಪುಗಳ ಫೀಡರ್‌ಗಳನ್ನು ಊರಿನವುಗಳಿಂದ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಯಿಂದ ಈ ಅಂದಾಜಿಗೆ ಆಧಾರ ದೊರೆಯಿತು: ಫೀಡರ್ ಮೀಟರಿನ ಯೂನಿಟ್‌ಗಳಿಂದ ಲೈನ್ ನಷ್ಟ ಕಳೆದು ಪಂಪುಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ. ಪಂಪುಗಳ ಎಣಿಕೆ ತಪ್ಪಿದ್ದರೆ ಸರಾಸರಿಯೂ ತಪ್ಪುತ್ತದೆ.

ದರದ ಮೇಲಿನ ಒತ್ತಡವನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡಬಹುದು. ಯೂನಿಟ್‌ಗೆ 5 ರೂಪಾಯಿಯಂತೆ 100 ಯೂನಿಟ್ ಕೊಂಡು 85ನ್ನು ಮಾರಿದರೆ, ಮಾರಿದ ಪ್ರತಿ ಯೂನಿಟ್‌ನ ಖರೀದಿ ವೆಚ್ಚ 5.88 ರೂಪಾಯಿ. ನಷ್ಟ ಶೇ. 10ಕ್ಕೆ ಇಳಿದರೆ ಅದು 5.56. ಆಯೋಗ ಪ್ರತಿ ವರ್ಷಕ್ಕೂ ನಷ್ಟದ ಮಿತಿ ಗೊತ್ತುಮಾಡುತ್ತದೆ. ಮಿತಿ ಶೇ. 10 ಎಂದಾದರೆ 85 ಯೂನಿಟ್ ಮಾರಲು 94.4 ಯೂನಿಟ್ ಖರೀದಿ ಸಾಕು, ಮಿಕ್ಕ 5.6 ಯೂನಿಟ್‌ನ ಸುಮಾರು 28 ರೂಪಾಯಿಯನ್ನು ದರದಲ್ಲಿ ಸೇರಿಸಲು ಬಿಡದಿದ್ದರೆ ಅದನ್ನು ಕಂಪನಿಯೇ ಹೊರಬೇಕು. ಮಿತಿಯೊಳಗಿನ ನಷ್ಟವನ್ನು ಮಾತ್ರ ಬಿಲ್ ಕಟ್ಟುವವರು ಹಂಚಿಕೊಳ್ಳುತ್ತಾರೆ.

ಬಿಲ್ ಮಾಡಿದ ಹಣ ವಸೂಲಾಗದಿರುವುದು ಬೇರೆ ವಿಷಯ. ಅದು ವಿತರಣಾ ನಷ್ಟದಲ್ಲಿ ಬರುವುದಿಲ್ಲ. ಪಂಪುಗಳ ಯೂನಿಟ್ ಅಳತೆಯಿಂದ ಬರುವವರೆಗೆ, ಈ ಸೀಮೆಯ ನಷ್ಟದ ಯಾವ ಅಂಕಿಯನ್ನೂ ಅದರ ಹಿಂದಿನ ಅಂದಾಜಿನೊಂದಿಗೇ ಓದಬೇಕು.