ಹಿಂದೆ ಸರಿಯುವ ಕ್ಯಾಮೆರಾ

ಪರದೆಯ ತುಂಬ ಒಂದು ಮುಖ. ಕ್ಯಾಮೆರಾ ಮೆಲ್ಲಗೆ ಹಿಂದೆ ಸರಿದಂತೆ, ಆ ಮುಖ ನಾವು ಎಣಿಸಿದ ಜಾಗದಲ್ಲಿ ಇಲ್ಲವೇ ಇಲ್ಲ ಎಂದು ತಿಳಿಯುತ್ತದೆ. ಈ ಶಾಟ್ ಬೆಳೆದದ್ದು ಕ್ಯಾಮೆರಾ ಹೊರುವ ಸಾಧನಗಳ ಜೊತೆಜೊತೆಗೇ.

ಇಟಲಿಯ ಪಾಸ್ಟ್ರೋನೆ 1914ರ ‘ಕಬಿರಿಯಾ’ದಲ್ಲಿ ಕ್ಯಾಮೆರಾವನ್ನು ಗಾಲಿಯ ಮೇಲಿಟ್ಟ. 1939ರ ‘ಗಾನ್ ವಿತ್ ದಿ ವಿಂಡ್’ ಹೊತ್ತಿಗೆ ಅದು ಕಟ್ಟಡ ಕಟ್ಟುವ ಕ್ರೇನ್ ಏರಿತ್ತು. ವೈದ್ಯನನ್ನು ಹುಡುಕುತ್ತ ನಡೆಯುವ ನಾಯಕಿಯಿಂದ ದೂರ ಸರಿದು ಮೇಲೇರುವ ಕ್ಯಾಮೆರಾ, ಅಟ್ಲಾಂಟಾ ರೈಲು ನಿಲ್ದಾಣದ ತುಂಬ ಮಲಗಿದ ಗಾಯಾಳು ಸೈನಿಕರನ್ನು ತೋರಿಸುತ್ತದೆ. ಇಷ್ಟು ಜನರನ್ನು ಬಿಟ್ಟು ವೈದ್ಯ ಅವಳೊಡನೆ ಬರಲಾರ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

1970ರ ದಶಕದಲ್ಲಿ ಜೂಮ್ ಲೆನ್ಸ್ ಈ ಕೆಲಸಕ್ಕೆ ಇಳಿಯಿತು. ‘ಗಾಡ್‌ಫಾದರ್’ (1972) ಆರಂಭದಲ್ಲಿ, ನ್ಯಾಯ ಬೇಡುವವನ ಮುಖದಿಂದ ಹೊರಟ ಚೌಕಟ್ಟು ಸುಮಾರು ಮೂರು ನಿಮಿಷ ಹಿಗ್ಗಿ, ಕೊನೆಗೆ ಕೇಳುತ್ತ ಕೂತವನ ಹೆಗಲನ್ನು ಒಳಗೆ ತರುತ್ತದೆ. ಕುಬ್ರಿಕ್‌ನ ‘ಬ್ಯಾರಿ ಲಿಂಡನ್’ (1975) ಇದೇ ಉಪಾಯವನ್ನು ಮತ್ತೆ ಮತ್ತೆ ಬಳಸಿ, ಮನುಷ್ಯರನ್ನು ಭೂದೃಶ್ಯದಲ್ಲಿ ಚಿಕ್ಕವರನ್ನಾಗಿ ಮಾಡಿತು.

ಟ್ರಾಲಿಯೂ ಜೂಮೂ ಒಂದೇ ಎಂದು ತಿಳಿದರೆ ಶಾಟ್ ಕೆಡುತ್ತದೆ. ರಬಕವಿಯ ಒಂದು ಪವರ್‌ಲೂಮ್ ಶೆಡ್ಡನ್ನು ಊಹಿಸಿಕೊಳ್ಳಿ. ಮಗ್ಗದ ಮುಂದೆ ನೇಕಾರ ನಿಂತಿದ್ದಾನೆ. ಅವನ ಹಿಂದೆ 10 ಮೀಟರ್ ದೂರದಲ್ಲಿ ಗೋಡೆ, ನಡುವೆ ಮಗ್ಗಗಳ ಸಾಲು. ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 50 ಮಿಮೀ ಲೆನ್ಸ್ ಹಾಕಿ 1 ಮೀಟರ್ ದೂರದಲ್ಲಿ ನಿಂತರೆ, ಅವನಿರುವಲ್ಲಿ ಮುಕ್ಕಾಲು ಮೀಟರಿನಷ್ಟು ಅಗಲ ಸಿಗುತ್ತದೆ. ಆದರೆ ಹಿಂದಿನ ಗೋಡೆಯ ಸುಮಾರು 8 ಮೀಟರ್ ಮೊದಲೇ ಚೌಕಟ್ಟಿನೊಳಗಿದೆ! 5 ಮೀಟರಿಗೆ ಸರಿದರೂ ಅದು 11 ಮೀಟರಿನ ಆಸುಪಾಸಿಗೆ ಬೆಳೆಯುತ್ತದೆ, ಅಷ್ಟೆ. ಗುಟ್ಟು ಆಗಲೇ ಬಯಲಾಗಿದೆ. ಹಿನ್ನೆಲೆ ಮಸುಕಾಗಿದ್ದರೆ ಮಾತ್ರ ಅದು ಒಂದಿಷ್ಟು ಮುಚ್ಚಿಕೊಳ್ಳುತ್ತದೆ. ಅದೇ 5 ಮೀಟರಿನಲ್ಲಿ ನಿಂತು 250ರಿಂದ 50 ಮಿಮೀಗೆ ಜೂಮ್ ತೆರೆದರೆ, ಮುಖ ಮೊದಲಿನಷ್ಟೇ ದೊಡ್ಡದಾಗಿ ಶುರುವಾಗುತ್ತದೆ, ಗೋಡೆ ಮಾತ್ರ ಎರಡು ಮೀಟರಿನಿಂದ ಹನ್ನೊಂದಕ್ಕೆ ಹರಡುತ್ತದೆ. ಬೆನ್ನ ಹಿಂದಿನ ಅಚ್ಚರಿಗೆ ಜೂಮ್ ಒಳ್ಳೆಯದು. ಕ್ಯಾಮೆರಾ ದಾಟಿಬರುವ ಬಾಗಿಲು, ಪಕ್ಕದಿಂದ ಒಳಬರುವ ಮಗ್ಗ, ಮುಂದೆ ನೇತಾಡುವ ನೂಲಿನ ಲಡಿ ಅಚ್ಚರಿಯಾಗಬೇಕಿದ್ದರೆ ಟ್ರಾಲಿಯೇ ಬೇಕು.

ಈಗಿನ ಡ್ರೋನ್ ತಾನಾಗಿಯೇ ಹಿಂದೆ ಸರಿದು ಮೇಲೇರುತ್ತದೆ. ಮದುವೆಯ ವಿಡಿಯೋಗಳಲ್ಲಿ ಇದು ಸವೆದುಹೋಗಿದೆ. ಜೋಡಿಯ ಸುತ್ತಲಿನ ಹೊಲ ಮೊದಲ ಕ್ಷಣದಲ್ಲೇ ಕಂಡಿರುವಾಗ, ಎತ್ತರ ಏರಿದ ಮಾತ್ರಕ್ಕೆ ಹೊಸದೇನೂ ತಿಳಿಯುವುದಿಲ್ಲ.

ನನಗೆ ಹೆಚ್ಚು ಕಾಡುವ ತಪ್ಪು ಸದ್ದಿನದು. ಮಗ್ಗಗಳ ಖಟಖಟ ಮೊದಲಿನಿಂದಲೇ ಕೇಳಿಸಿದರೆ, ಕಣ್ಣಿಗಿಂತ ಮುಂಚೆ ಕಿವಿಯೇ ಶೆಡ್ಡನ್ನು ಹೇಳಿಬಿಡುತ್ತದೆ. ಅದಕ್ಕೇ ಶೆಡ್ಡಿನ ಸದ್ದನ್ನು ಬೇರೆಯಾಗಿ ದಾಖಲಿಸಬೇಕು. ಮುಖದ ಮೇಲೆ ಉಸಿರಿನಷ್ಟೇ ಸದ್ದಿಟ್ಟು, ಮೊದಲ ಮಗ್ಗ ಅಂಚಿನಲ್ಲಿ ಕಂಡಾಗ ಅದೊಂದರದ್ದನ್ನು ಸೇರಿಸಿ, ಉಳಿದವನ್ನು ಅವು ಕಂಡಂತೆ ಕಂಡಂತೆ ಏರಿಸುತ್ತ ಹೋಗಬೇಕು.